ಕೀಲಿಗೆ ಮುನ್ನ ಒಂದು ಇಮೇಲ್: ದೋಹಾದಿಂದ ಹೋದ 41 ಅಂಶಗಳ ದೋಷಪಟ್ಟಿ

ಬೆಂಗಳೂರಿನಲ್ಲಿ ಫ್ಲಾಟ್ ಬುಕ್ ಮಾಡಿ ಹೊರದೇಶದಲ್ಲಿ ದುಡಿಯುತ್ತಿರುವ ಕುಟುಂಬಗಳಿಗೆ ಬಿಲ್ಡರ್ ಕಡೆಯಿಂದ ಕೊನೆಯಲ್ಲಿ ಬರುವ ಪತ್ರ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ‘ನಿಮ್ಮ ಫ್ಲಾಟ್ ಸಿದ್ಧವಾಗಿದೆ, ಕೊನೆಯ ಕಂತು ಕಟ್ಟಿ, ಬಂದು ಪರಿಶೀಲಿಸಿ, ಸ್ವಾಧೀನ ಪತ್ರಕ್ಕೆ ಸಹಿ ಹಾಕಿ ಕೀಲಿ ಪಡೆಯಿರಿ’ ಎಂದು ಅದರಲ್ಲಿರುತ್ತದೆ. ಈ ನಾಲ್ಕರಲ್ಲಿ ಹಣ ಕಟ್ಟುವುದು ಸುಲಭ, ದೋಹಾದಲ್ಲಿ ಕುಳಿತೇ ಮಾಡಬಹುದು. ಸಹಿಯನ್ನು ಊರಿನಲ್ಲಿರುವವರಿಂದ ಹಾಕಿಸಬಹುದು. ಕಷ್ಟವಿರುವುದು ಪರಿಶೀಲನೆಯಲ್ಲಿ. ಅಲ್ಲಿ ಕಂಡದ್ದನ್ನು ಬರಹಕ್ಕೆ ಇಳಿಸದಿದ್ದರೆ ಆಮೇಲೆ ಅದನ್ನು ಕಂಡೇ ಇಲ್ಲ ಎಂಬಂತಾಗುತ್ತದೆ.

ಕನಕಪುರ ರಸ್ತೆಯ ಬದಿಯ ಒಂದು ಸಮುಚ್ಚಯದ 11ನೇ ಮಹಡಿಯಲ್ಲಿ ನಾವು ಎರಡು ಬೆಡ್‌ರೂಮಿನ ಫ್ಲಾಟ್ ಕೊಂಡೆವು. ಹಾಸನದಲ್ಲಿರುವ ಅಪ್ಪ ಅಮ್ಮ ಆಸ್ಪತ್ರೆಗೆ ಹತ್ತಿರವಾಗಿ ಬಂದು ಅಲ್ಲಿ ಇರಬೇಕು ಎಂಬುದು ನಮ್ಮ ಯೋಚನೆ. ನಮಗೆ ಸ್ವಾಧೀನದ ಪತ್ರ ಬಂದದ್ದು 2025ರ ಜೂನ್ 16ಕ್ಕೆ. ಕೀಲಿ ಸಿಕ್ಕಿದ್ದು ಆಗಸ್ಟ್ 7ಕ್ಕೆ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ನಡುವಿನ ಏಳು ವಾರಗಳ ವ್ಯವಹಾರವೆಲ್ಲ ಜೂನ್ 30ರಂದು ನಾವು ಕಳಿಸಿದ ಒಂದು ಇಮೇಲ್‌ನ ಮೇಲೆ ನಡೆಯಿತು. ಆ ಇಮೇಲ್‌ನಲ್ಲಿ ಏನಿತ್ತು, ಯಾಕೆ ಹಾಗಿತ್ತು ಎಂಬುದನ್ನು ಇಲ್ಲಿ ಹೇಳುತ್ತಿದ್ದೇವೆ. ಇಂಥದೇ ಪತ್ರಕ್ಕಾಗಿ ಕಾಯುತ್ತಿರುವ ಮನೆಗಳು ನಮ್ಮ ಸುತ್ತಲೇ ಹಲವಾರಿವೆ.

ಕಾನೂನಿನ ಎರಡು ಗಡಿಯಾರ

ಮೊದಲು ತಿಳಿಯಬೇಕಾದದ್ದು ದಿನಾಂಕಗಳ ಲೆಕ್ಕ. 2016ರ ರೇರಾ ಕಾಯ್ದೆಯ 19ನೇ ಸೆಕ್ಷನ್‌ನ 10ನೇ ಉಪವಿಧಿಯ ಪ್ರಕಾರ, ಕಟ್ಟಡಕ್ಕೆ ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಎಲ್ಲರೂ ‘ಓಸಿ’ ಎನ್ನುವ ಕಾಗದ ಸಿಕ್ಕ ಎರಡು ತಿಂಗಳೊಳಗೆ ಕೊಂಡವರು ಸ್ವಾಧೀನ ತೆಗೆದುಕೊಳ್ಳಬೇಕು. ನಮ್ಮ ಕಟ್ಟಡಕ್ಕೆ ಓಸಿ ಸಿಕ್ಕಿದ್ದು ಜೂನ್ 9ಕ್ಕೆ. ಹಾಗಾಗಿ ನಮ್ಮ ಗಡುವು ಆಗಸ್ಟ್ 9. ‘ಎಲ್ಲ ಸರಿಯಾಗುವವರೆಗೆ ನಾವು ಕೀಲಿಯನ್ನೇ ಮುಟ್ಟುವುದಿಲ್ಲ’ ಎಂದು ತಿಂಗಳುಗಟ್ಟಲೆ ಕುಳಿತರೆ ತಪ್ಪು ನಮ್ಮ ಕಡೆ ವಾಲುತ್ತದೆ. ಮಾರಾಟ ಕರಾರಿನಲ್ಲಿ ಸಾಮಾನ್ಯವಾಗಿ ಬರೆದಿರುವಂತೆ ಆ ದಿನದಿಂದ ನಿರ್ವಹಣಾ ಶುಲ್ಕವೂ ಶುರುವಾಗುತ್ತದೆ.

ಎರಡನೆಯ ಗಡಿಯಾರ ನಮ್ಮ ಪರವಾಗಿದೆ. ಅದೇ ಕಾಯ್ದೆಯ 14ನೇ ಸೆಕ್ಷನ್‌ನ 3ನೇ ಉಪವಿಧಿ ಹೇಳುವಂತೆ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ, ಸೌಲಭ್ಯಗಳಲ್ಲಿ ದೋಷ ಕಂಡುಬಂದು ಅದನ್ನು ಬಿಲ್ಡರ್ ಗಮನಕ್ಕೆ ತಂದರೆ, ಅವರು 30 ದಿನದೊಳಗೆ ಹೆಚ್ಚುವರಿ ಹಣ ಕೇಳದೆ ಸರಿಮಾಡಿಕೊಡಬೇಕು. ಮಾಡದಿದ್ದರೆ ಪರಿಹಾರ ಕೇಳುವ ಹಕ್ಕು ನಮ್ಮದು. ಇಲ್ಲಿ ‘ಗಮನಕ್ಕೆ ತಂದರೆ’ ಎಂಬ ಮಾತೇ ಮುಖ್ಯ. ಸೈಟ್ ಎಂಜಿನಿಯರ್‌ಗೆ ಫೋನಿನಲ್ಲಿ ಹೇಳಿದ್ದನ್ನು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚಿತ್ರವನ್ನು ಒಂದು ವರ್ಷದ ನಂತರ ಹುಡುಕಿ ತೆಗೆಯುವುದು ಕಷ್ಟ. ಅಷ್ಟರಲ್ಲಿ ಆ ಎಂಜಿನಿಯರ್ ಬೇರೆ ಕಡೆ ಕೆಲಸಕ್ಕೆ ಸೇರಿರುತ್ತಾರೆ. ಇಮೇಲ್ ಆದರೆ ದಿನಾಂಕದ ಸಮೇತ ಉಳಿಯುತ್ತದೆ.

ಈ ಎರಡನ್ನೂ ಒಟ್ಟಿಗೆ ನೋಡಿದಾಗ ನಮ್ಮ ಇಮೇಲ್‌ನ ಮೊದಲ ಸಾಲು ತಾನಾಗಿ ಹೊಳೆಯಿತು: ‘ನಾವು ಸ್ವಾಧೀನವನ್ನು ನಿರಾಕರಿಸುತ್ತಿಲ್ಲ. ಕಾಯ್ದೆಯ ಅವಧಿಯೊಳಗೆ ತೆಗೆದುಕೊಳ್ಳಲು ಸಿದ್ಧರಿದ್ದೇವೆ. ಅದಕ್ಕೆ ಮುನ್ನ ಈ ಕೆಳಗಿನ ದೋಷಗಳನ್ನು ಸೂಚಿಸಿದ ದಿನಾಂಕದೊಳಗೆ ಸರಿಪಡಿಸಬೇಕೆಂದು ಕೋರುತ್ತೇವೆ.’

ಶನಿವಾರದ ಪರಿಶೀಲನೆ

ಜೂನ್ 28, ಶನಿವಾರ. ಕತಾರ್‌ನಲ್ಲಿ ಶುಕ್ರವಾರ ಶನಿವಾರ ರಜೆ, ಬೆಂಗಳೂರಿನ ಸೈಟ್ ಆಫೀಸು ಶನಿವಾರ ತೆರೆದಿರುತ್ತದೆ. ಹಾಗಾಗಿ ಆ ದಿನ ಇಬ್ಬರಿಗೂ ಹೊಂದಿತು. ನಮ್ಮ ತಮ್ಮ ಮತ್ತು ಅವನಿಗೆ ಪರಿಚಯದ ಒಬ್ಬ ಸಿವಿಲ್ ಎಂಜಿನಿಯರ್ ಬೆಳಿಗ್ಗೆ ಹತ್ತಕ್ಕೆ ಫ್ಲಾಟಿಗೆ ಹೋದರು. ಇಲ್ಲಿ ಏಳೂವರೆ ಗಂಟೆ. ನಾವು ವಿಡಿಯೊ ಕರೆಯಲ್ಲಿ ಕುಳಿತೆವು. ಪರಿಶೀಲನೆಗೆ ತಮ್ಮನೇ ಬರುತ್ತಾನೆ ಎಂದು ಅವನ ಹೆಸರು ಮತ್ತು ಗುರುತಿನ ಚೀಟಿಯ ಪ್ರತಿಯೊಂದಿಗೆ ಮೂರು ದಿನ ಮುಂಚೆಯೇ ಇಮೇಲ್ ಮಾಡಿದ್ದೆವು. ಪರಿಶೀಲನೆಗೆ ಅಷ್ಟು ಸಾಕಾಯಿತು. ಸ್ವಾಧೀನ ಪತ್ರಕ್ಕೆ ಸಹಿ ಹಾಕಲು ಮಾತ್ರ ಅಧಿಕಾರ ಪತ್ರವೇ ಬೇಕು. ಆ ವಿಷಯ ಮುಂದೆ ಬರುತ್ತದೆ.

ಅವರು ಕೊಂಡೊಯ್ದ ಸಾಮಾನು ಒಂದು ಚೀಲದಷ್ಟು. ಅಳತೆ ಟೇಪು, ರಸಮಟ್ಟ, ಟೈಲ್ಸ್ ತಟ್ಟಿ ನೋಡಲು ತುದಿಯಲ್ಲಿ ಲೋಹದ ಗುಂಡು ಇರುವ ಕಡ್ಡಿ, ಪ್ಲಗ್‌ಗೆ ಸಿಕ್ಕಿಸಿದರೆ ವೈರಿಂಗ್ ಸರಿಯಿದೆಯೇ ಎಂದು ದೀಪದಲ್ಲಿ ತೋರಿಸುವ ಸಣ್ಣ ಟೆಸ್ಟರ್, ಒಂದು ಬಕೆಟ್, ಟಾರ್ಚು, ಪೆನ್ಸಿಲ್ ಮತ್ತು ಅಂಕಿ ಬರೆದ ಅಂಟುಚೀಟಿಗಳು. ಇವುಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅಂಟುಚೀಟಿ. ದೋಷ ಕಂಡ ಜಾಗದಲ್ಲೆಲ್ಲ ಒಂದೊಂದು ಸಂಖ್ಯೆ ಅಂಟಿಸಿದರು. ಪ್ರತಿ ಸಂಖ್ಯೆಗೆ ಎರಡು ಚಿತ್ರ. ಮೊದಲನೆಯದು ದೂರದಿಂದ, ಯಾವ ಕೋಣೆ, ಯಾವ ಗೋಡೆ ಎಂದು ತಿಳಿಯುವಂತೆ. ಎರಡನೆಯದು ಹತ್ತಿರದಿಂದ, ಪಕ್ಕದಲ್ಲಿ ಟೇಪು ಹಿಡಿದು, ಬಿರುಕೋ ಕಲೆಯೋ ಎಷ್ಟು ಉದ್ದ ಎಂದು ಕಾಣುವಂತೆ. ಹತ್ತಿರದ ಚಿತ್ರ ಮಾತ್ರ ಇದ್ದರೆ ಅದು ಯಾವ ಫ್ಲಾಟಿನ ಗೋಡೆಯಾದರೂ ಆಗಬಹುದು. ದೂರದ್ದು ಮಾತ್ರ ಇದ್ದರೆ ‘ಏನೂ ಕಾಣಿಸುತ್ತಿಲ್ಲವಲ್ಲ’ ಎಂಬ ಉತ್ತರ ಬರಬಹುದು.

ಟೈಲ್ಸ್ ತಟ್ಟಿದಾಗ ಗಟ್ಟಿ ಸದ್ದು ಬಂದರೆ ಕೆಳಗಿನ ಗಾರೆ ಪೂರ್ತಿ ಹಿಡಿದಿದೆ ಎಂದರ್ಥ, ಡಬಡಬ ಎಂದರೆ ಟೊಳ್ಳು. ಟೊಳ್ಳು ಟೈಲ್ಸ್ ಮೇಲೆ ಭಾರದ ಬೀರು ಇಟ್ಟರೆ ಒಡೆಯುತ್ತದೆ. ಬಚ್ಚಲಿನಲ್ಲಿ ಒಂದು ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಟ್ಟು ನೋಡಿದರು. ವಾಟ ಸರಿಯಿದ್ದರೆ ನೀರು ಜಾಲರಿಯ ಕಡೆ ಹರಿದುಹೋಗಬೇಕು. ಅಪ್ಪ ಅಮ್ಮ ಬಳಸಬೇಕಾದ ಸಾಮಾನ್ಯ ಬಚ್ಚಲಿನಲ್ಲಿ ನೀರು ಬಾಗಿಲ ಬಳಿಯೇ ನಿಂತಿತ್ತು. ಎಪ್ಪತ್ತು ದಾಟಿದವರು ಕಾಲಿಡುವ ಜಾಗ ಅದು.

ಮೀಟರ್ ಬಾಕ್ಸಿನ ಪಕ್ಕದ ಆರ್‌ಸಿಸಿಬಿಯ ಮೇಲೆ ‘ಟೆಸ್ಟ್’ ಎಂಬ ಗುಂಡಿ ಇರುತ್ತದೆ. ಕರೆಂಟ್ ಸೋರಿ ಯಾರಿಗಾದರೂ ಶಾಕ್ ಹೊಡೆಯುವ ಸಂದರ್ಭದಲ್ಲಿ ಸರಬರಾಜನ್ನು ಕಡಿಯುವ ಸಾಧನ ಅದು. ಗುಂಡಿ ಒತ್ತಿದ ತಕ್ಷಣ ಮನೆಯ ಕರೆಂಟ್ ಹೋಗಬೇಕು. ನಮ್ಮಲ್ಲಿ ಹೋಗಲಿಲ್ಲ. ಅಡುಗೆಮನೆಯ ಎರಡು ಪ್ಲಗ್‌ಗಳಲ್ಲಿ ಅರ್ಥಿಂಗ್ ಇಲ್ಲ ಎಂದು ಟೆಸ್ಟರ್ ತೋರಿಸಿತು. ಮಿಕ್ಸಿ, ಫ್ರಿಜ್ ಹಾಕುವ ಪ್ಲಗ್‌ಗಳೇ ಅವು.

ಮಧ್ಯಾಹ್ನ ಎರಡರ ಹೊತ್ತಿಗೆ ಪಟ್ಟಿ 41ಕ್ಕೆ ಬಂದು ನಿಂತಿತು. ತಮ್ಮ ಅದರ ಒಂದು ಪ್ರತಿಗೆ ಸೈಟ್ ಎಂಜಿನಿಯರ್‌ರಿಂದ ‘ಜೊತೆಯಲ್ಲಿದ್ದು ನೋಡಲಾಗಿದೆ’ ಎಂದು ಬರೆಸಿ ಸಹಿ ಪಡೆದ. ದೋಷ ಒಪ್ಪಿದ್ದೇನೆ ಎಂದು ಅವರು ಬರೆಯಬೇಕಾಗಿರಲಿಲ್ಲ. ಆ ದಿನ ಆ ಜಾಗದಲ್ಲಿ ಇಬ್ಬರೂ ಇದ್ದೆವು ಎಂಬುದಷ್ಟೇ ಸಾಕಿತ್ತು.

ಇಮೇಲ್‌ನ ಒಳಗೆ

ನಾವು ಬರೆದದ್ದು ಇಂಗ್ಲಿಷಿನಲ್ಲಿ. ಅದರ ಕಟ್ಟುನಿಟ್ಟನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇವೆ. ಕಳಿಸಿದ್ದು ಮಾರಾಟ ಕರಾರಿನಲ್ಲಿ ನೋಟಿಸ್ ಕಳಿಸಲು ಸೂಚಿಸಿದ್ದ ವಿಳಾಸಕ್ಕೆ; ಪ್ರತಿ ಗ್ರಾಹಕ ವಿಭಾಗಕ್ಕೆ ಮತ್ತು ತಮ್ಮನಿಗೆ. ಕರಾರಿನಲ್ಲಿ ನೋಟಿಸ್ ಅಂಚೆಯಲ್ಲೇ ಬರಬೇಕು ಎಂದಿದ್ದರಿಂದ ಅದನ್ನೇ ಮುದ್ರಿಸಿ ತಮ್ಮ ಸ್ಪೀಡ್ ಪೋಸ್ಟ್ ಕೂಡ ಮಾಡಿದ.

ವಿಷಯದ ಸಾಲಿನಲ್ಲಿ ಫ್ಲಾಟ್ ಸಂಖ್ಯೆ, ಪರಿಶೀಲನೆಯ ದಿನಾಂಕ, ‘41 ದೋಷಗಳು, ಮೊದಲ ಗಡುವು ಜುಲೈ 7’ ಎಂದಿತ್ತು. ನೂರಾರು ಇಮೇಲ್ ಬರುವ ಕಚೇರಿಯಲ್ಲಿ ಆ ಸಾಲನ್ನು ಓದಿದವರಿಗೆ ತೆರೆಯದೆಯೇ ವಿಷಯ ತಿಳಿಯಬೇಕಿತ್ತು. ಮೊದಲ ಪ್ಯಾರಾದಲ್ಲಿ ಯೋಜನೆಯ ರೇರಾ ನೋಂದಣಿ ಸಂಖ್ಯೆ, ಕರಾರಿನ ದಿನಾಂಕ, ಅವರ ಪತ್ರದ ದಿನಾಂಕ, ಪರಿಶೀಲನೆಯಲ್ಲಿ ಯಾರು ಯಾರು ಇದ್ದರು ಎಂಬ ವಿವರ. ಆಮೇಲೆ ಪಟ್ಟಿ.

ಪಟ್ಟಿಯ ಪ್ರತಿ ಸಾಲಿನಲ್ಲೂ ಐದು ಸಂಗತಿಗಳು: ಎಲ್ಲಿ, ಏನು, ಹೇಗೆ ಕಂಡಿತು, ಸರಿಯಾಯಿತು ಎಂದು ಯಾವಾಗ ಒಪ್ಪುತ್ತೇವೆ, ಯಾವ ದಿನದೊಳಗೆ. ಎರಡು ಉದಾಹರಣೆ ನೋಡಿ.

‘ಸಂಖ್ಯೆ 2. ಪ್ರವೇಶದ ಬಳಿಯ ವಿದ್ಯುತ್ ಬಾಕ್ಸ್. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಮೂರು ಬಾರಿ ಒತ್ತಿದರೂ ಸರಬರಾಜು ನಿಲ್ಲಲಿಲ್ಲ. ನಮ್ಮ ಪ್ರತಿನಿಧಿಯ ಎದುರು ಗುಂಡಿ ಒತ್ತಿದಾಗ ನಿಲ್ಲಬೇಕು. ಜುಲೈ 7.’

‘ಸಂಖ್ಯೆ 5. ದೊಡ್ಡ ಬೆಡ್‌ರೂಮಿನ ಉತ್ತರ ಗೋಡೆ, ಬಚ್ಚಲಿಗೆ ಅಂಟಿದ ಭಾಗ. ನೆಲದಿಂದ 30 ಸೆಂ.ಮೀ. ಎತ್ತರದವರೆಗೆ, 1.2 ಮೀಟರ್ ಉದ್ದಕ್ಕೆ ತೇವ. ಬಣ್ಣ ಉಬ್ಬಿ ಚಕ್ಕೆ ಎದ್ದಿದೆ. ಬಚ್ಚಲಿನಲ್ಲಿ 48 ಗಂಟೆ ನೀರು ನಿಲ್ಲಿಸಿದ ನಂತರ ಈ ಗೋಡೆಯಲ್ಲೂ ಕೆಳಗಿನ ಫ್ಲಾಟಿನ ಚಾವಣಿಯಲ್ಲೂ ತೇವ ಕಾಣಬಾರದು. ಜುಲೈ 21.’

‘ಗೋಡೆಗೆ ಮತ್ತೆ ಬಣ್ಣ ಹೊಡೆಯಿರಿ’ ಎಂದೋ ‘ಪೈಪ್ ಬದಲಿಸಿ’ ಎಂದೋ ನಾವು ಬರೆಯಲಿಲ್ಲ. ರಿಪೇರಿ ಹೇಗೆ ಎಂಬುದು ಬಿಲ್ಡರ್‌ಗೆ ಬಿಟ್ಟ ವಿಷಯ. ನಾವೇ ಬಣ್ಣ ಹೊಡೆಯಲು ಹೇಳಿದರೆ ಅವರು ಬಣ್ಣ ಹೊಡೆದು ಕೈತೊಳೆದುಕೊಳ್ಳಬಹುದು. ‘ನೀವು ಹೇಳಿದ್ದನ್ನೇ ಮಾಡಿದ್ದೇವೆ’ ಎನ್ನಬಹುದು. ಕೊನೆಗೆ ಏನು ಕಾಣಬೇಕು, ಯಾವ ಪರೀಕ್ಷೆಯಲ್ಲಿ ಗೆಲ್ಲಬೇಕು ಎಂದು ಬರೆದರೆ ಆ ದಾರಿ ಮುಚ್ಚುತ್ತದೆ.

ಚಿತ್ರಗಳ ವಿಷಯದಲ್ಲೂ ಒಂದು ಶಿಸ್ತು ಬೇಕು. 41 ದೋಷಕ್ಕೆ 82 ಚಿತ್ರ. ಒಂದೇ ಇಮೇಲ್‌ನಲ್ಲಿ ಹೋಗುವುದಿಲ್ಲ, ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ. ಚಿತ್ರಗಳನ್ನು ಚಿಕ್ಕದು ಮಾಡಿ ಸಂಖ್ಯೆಯ ಕ್ರಮದಲ್ಲಿ ಒಂದು ಪಿಡಿಎಫ್‌ಗೆ ಸೇರಿಸಿ ಇಮೇಲ್‌ಗೆ ಲಗತ್ತಿಸಿದೆವು. ಮೂಲ ಚಿತ್ರಗಳನ್ನು ಆನ್‌ಲೈನ್ ಫೋಲ್ಡರ್‌ನಲ್ಲಿಟ್ಟು ಕೊಂಡಿ ಕೊಟ್ಟೆವು. ಕೊಂಡಿ ಮಾತ್ರ ಕಳಿಸಿದ್ದರೆ ‘ತೆರೆಯಲಿಲ್ಲ’ ಎನ್ನಲು ಅವಕಾಶವಿರುತ್ತಿತ್ತು. ಪ್ರತಿ ಚಿತ್ರದ ಹೆಸರಿನಲ್ಲೇ ಫ್ಲಾಟು, ದೋಷದ ಸಂಖ್ಯೆ, ಚಿತ್ರದ ಸಂಖ್ಯೆ ಇತ್ತು, `1104_05_2.jpg` ಎಂಬಂತೆ. ಕೊನೆಯಲ್ಲಿರುವ 2 ಎಂದರೆ ಹತ್ತಿರದ ಚಿತ್ರ. ತಮ್ಮ ಮೊದಲು ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಹೊರಟಿದ್ದ. ಹಾಗೆ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಎಂದು, ಎಷ್ಟು ಹೊತ್ತಿಗೆ ತೆಗೆದದ್ದು ಎಂದು ಕಡತದೊಳಗೆ ದಾಖಲಾದ ಮಾಹಿತಿಯೂ ಉದುರಿಹೋಗುತ್ತದೆ. ಹಾಗಾಗಿ ಫೋನಿನಿಂದ ನೇರವಾಗಿ ಫೋಲ್ಡರ್‌ಗೇ ಹಾಕಿಸಿದೆವು. ಮುಂದೆ ಎಲ್ಲಾದರೂ ಸಾಕ್ಷಿಯಾಗಿ ತೋರಿಸಬೇಕಾದರೆ ಮೂಲ ಕಡತವೇ ಬೇಕು.

ಮೂರು ಗಡುವು

ಎಲ್ಲಕ್ಕೂ ಒಂದೇ ದಿನಾಂಕ ಕೊಟ್ಟರೆ ಸುಲಭದ್ದು ಮೊದಲು ಮುಗಿದು ಕಷ್ಟದ್ದು ಕೊನೆಯವರೆಗೆ ಉಳಿಯುತ್ತದೆ. ಬೀಗದ ಹಿಡಿ ಬದಲಿಸಿ, ಸ್ವಿಚ್ ಫಲಕ ನೆಟ್ಟಗೆ ಮಾಡಿ ‘ಅರ್ಧಕ್ಕಿಂತ ಹೆಚ್ಚು ಮುಗಿದಿದೆ’ ಎಂದು ಲೆಕ್ಕ ತೋರಿಸಬಹುದು. ಅದಕ್ಕೆ ನಾವು ಪಟ್ಟಿಯನ್ನು ಮೂರು ಗುಂಪು ಮಾಡಿದೆವು.

ಮೊದಲ ಗುಂಪು ಜೀವಕ್ಕೆ ಅಪಾಯ ತರುವಂಥದ್ದು: ಅರ್ಥಿಂಗ್, ಆರ್‌ಸಿಸಿಬಿ, ಅಲುಗಾಡುವ ಬಾಲ್ಕನಿ ಕಂಬಿ, ಸರಿಯಾಗಿ ಬೀಳದ ಮುಖ್ಯ ಬಾಗಿಲ ಬೀಗ. ಒಟ್ಟು ನಾಲ್ಕು, ಗಡುವು ಏಳು ದಿನ, ಜುಲೈ 7. ಎರಡನೆಯ ಗುಂಪು ನೀರಿಗೆ ಸಂಬಂಧಿಸಿದ್ದು: ತೇವದ ಗೋಡೆ, ವಾಟವಿಲ್ಲದ ಬಚ್ಚಲು, ಮಳೆ ನೀರು ಒಳಬರುವ ಕಿಟಕಿ, ಸೋರುವ ಸಿಂಕ್. ಒಂಬತ್ತು ಅಂಶ, 21 ದಿನ, ಜುಲೈ 21. ನೀರಿನ ಕೆಲಸಕ್ಕೆ ಒಡೆಯಬೇಕು, ಒಣಗಬೇಕು, ಮತ್ತೆ ಪರೀಕ್ಷಿಸಬೇಕು. ಏಳು ದಿನ ಕೊಟ್ಟರೆ ಅವಸರದ ತೇಪೆಯಷ್ಟೇ ಸಿಗುತ್ತದೆ. ಉಳಿದ 28 ಕೈಕೆಲಸದ ದೋಷಗಳು: ಟೊಳ್ಳು ಟೈಲ್ಸ್, ನೆಲಕ್ಕೆ ಉಜ್ಜುವ ಬಾಗಿಲು, ಗೀರು ಬಿದ್ದ ಗಾಜು, ಬಣ್ಣದ ಗೆರೆ. ಅವಕ್ಕೆ 30 ದಿನ, ಜುಲೈ 30. ಮರುಪರಿಶೀಲನೆಯ ದಿನವನ್ನೂ ನಾವೇ ಸೂಚಿಸಿದೆವು: ಆಗಸ್ಟ್ 2, ಶನಿವಾರ. ಆಗಸ್ಟ್ 9ರ ಕೊನೆಯ ದಿನಕ್ಕೆ ಒಂದು ವಾರ ಉಳಿಯುತ್ತಿತ್ತು.

ಆಷಾಢವೂ ಸಹಾಯಕ್ಕೆ ಬಂತು. ಜುಲೈ 24ರವರೆಗೆ ಆಷಾಢ. ಅಷ್ಟರೊಳಗೆ ನಮ್ಮ ಮನೆಯಲ್ಲಿ ಯಾರೂ ಗೃಹಪ್ರವೇಶದ ಮಾತೆತ್ತುವುದಿಲ್ಲ. ‘ಶ್ರಾವಣ ಬಂದಮೇಲೆ ತಾನೆ, ನಿಧಾನವಾಗಿ ಸರಿಯಾಗಿ ಮಾಡಿಸು’ ಎಂದು ಅಮ್ಮ ತಮ್ಮನಿಗೆ ಹೇಳುತ್ತಿದ್ದರು. ಮುಹೂರ್ತ ಮೊದಲೇ ಗೊತ್ತುಮಾಡಿ ನೆಂಟರಿಗೆ ಹೇಳಿಬಿಟ್ಟ ಮನೆಯವರಿಗೆ ಬಿಲ್ಡರ್ ಎದುರು ಕಾಯುವ ಶಕ್ತಿ ಇರುವುದಿಲ್ಲ.

ಹಣದ ವಿಷಯ ಸೂಕ್ಷ್ಮ. ಕೊನೆಯ ಶೇ 5ರ ಕಂತನ್ನು ಜುಲೈ 1ರೊಳಗೆ ಕಟ್ಟಬೇಕೆಂದು ಅವರ ಪತ್ರ ಹೇಳಿತ್ತು. ದೋಷವಿದೆ ಎಂದು ನಾವಾಗಿ ಹಣ ತಡೆದರೆ ಕರಾರಿನಂತೆ ಬಡ್ಡಿ ಬೀಳುತ್ತದೆ. ಅದಕ್ಕೆ ಇಮೇಲ್‌ನ ಕೊನೆಯಲ್ಲಿ ‘ಹಣ ಸಿದ್ಧವಿದೆ. ಮೊದಲೆರಡು ಗುಂಪಿನ ಕೆಲಸ ಮುಗಿಯುವ ದಿನಕ್ಕೆ ಪಾವತಿಯ ದಿನಾಂಕವನ್ನು ಬಡ್ಡಿಯಿಲ್ಲದೆ ಮುಂದೂಡಿ ಲಿಖಿತವಾಗಿ ತಿಳಿಸಿ’ ಎಂದು ಕೇಳಿದೆವು. ಜುಲೈ 1ರ ಮಧ್ಯಾಹ್ನ ಒಪ್ಪಿಗೆಯ ಉತ್ತರ ಬಂತು. ಬಾರದಿದ್ದರೆ ಅಂದೇ ಸಂಜೆ ‘ದೋಷಗಳ ಹಕ್ಕನ್ನು ಬಿಟ್ಟುಕೊಡದೆ ಪಾವತಿಸುತ್ತಿದ್ದೇವೆ’ ಎಂದು ಬರೆದು ಕಟ್ಟಲು ತಯಾರಾಗಿದ್ದೆವು.

ಐದನೆಯ ಸಂಖ್ಯೆಯ ಕಥೆ

ಮೊದಲ ಗುಂಪು ಗಡುವಿಗೆ ಮುನ್ನವೇ ಮುಗಿಯಿತು. ತಮ್ಮ ಹೋಗಿ ಗುಂಡಿ ಒತ್ತಿ ನೋಡಿ ಬಂದ. ಕೈಕೊಟ್ಟದ್ದು ಐದನೆಯ ಸಂಖ್ಯೆ, ಅಂದರೆ ತೇವದ ಗೋಡೆ.

ಜುಲೈ 5ಕ್ಕೆ ಬಿಲ್ಡರ್ ಕಡೆಯಿಂದ ಒಂದು ಇಮೇಲ್ ಬಂತು. ‘ಸಂಖ್ಯೆ 5 ಮುಗಿದಿದೆ’ ಎಂಬ ಒಂದೇ ಸಾಲು, ಜೊತೆಗೆ ಬೆಳ್ಳಗೆ ಹೊಳೆಯುವ ಗೋಡೆಯ ಚಿತ್ರ. ಚಕ್ಕೆ ಕೆರೆದು, ಪುಟ್ಟಿ ಮೆತ್ತಿ, ಹೊಸ ಬಣ್ಣ ಬಳಿದಿದ್ದರು. ಯಾರೂ ಬಚ್ಚಲು ಬಳಸದ ಖಾಲಿ ಫ್ಲಾಟಿನಲ್ಲಿ ಆ ಗೋಡೆ ತಿಂಗಳುಗಟ್ಟಲೆ ಚೆನ್ನಾಗಿಯೇ ಕಾಣುತ್ತಿತ್ತು. ಅಪ್ಪ ಅಮ್ಮ ಬಂದು ದಿನಾ ಸ್ನಾನ ಮಾಡತೊಡಗಿದ ಮೇಲೆ ಮತ್ತೆ ಉಬ್ಬುತ್ತಿತ್ತು.

ನಾವು ಅದೇ ಇಮೇಲ್ ಸರಣಿಯಲ್ಲಿ ಉತ್ತರ ಬರೆದೆವು. ‘ಸಂಖ್ಯೆ 5ರಲ್ಲಿ ನಾವು ಕೇಳಿರುವುದು 48 ಗಂಟೆ ನೀರು ನಿಲ್ಲಿಸಿದ ಪರೀಕ್ಷೆ. ಅದು ಆಗಿಲ್ಲವಾದ್ದರಿಂದ ಈ ಅಂಶ ತೆರೆದೇ ಇದೆ. ಪರೀಕ್ಷೆಯ ದಿನ ತಿಳಿಸಿ, ನಮ್ಮ ಪ್ರತಿನಿಧಿ ಹಾಜರಿರುತ್ತಾರೆ.’ ಕೋಪವಿಲ್ಲ, ಎಚ್ಚರಿಕೆಯಿಲ್ಲ, ಜೂನ್ 30ರ ಸಾಲನ್ನೇ ಮತ್ತೆ ತೋರಿಸಿದ್ದಷ್ಟೆ. ಗ್ರಾಹಕ ವಿಭಾಗದವರು ಒಮ್ಮೆ ಫೋನ್ ಮಾಡಿ ‘ಸರ್, ಅದು ಕಟ್ಟುವಾಗಿನ ತೇವ, ಒಣಗುತ್ತದೆ’ ಎಂದರು. ಹೊಸ ಗೋಡೆಯಲ್ಲಿ ಗಾರೆಯ ತೇವ ಇರುವುದು ನಿಜವೇ. ಆದರೆ ಅದು ಗೋಡೆಯ ತುಂಬ ಇರುತ್ತದೆ, ದಿನ ಕಳೆದಂತೆ ಕಡಿಮೆಯಾಗುತ್ತದೆ. ಬಚ್ಚಲಿನ ಪಕ್ಕದ ಗೋಡೆಯಲ್ಲಿ ಮಾತ್ರ, ನೆಲಕ್ಕೆ ಹತ್ತಿರದಲ್ಲಿ ಮಾತ್ರ ತೇವ ಇದ್ದರೆ ನೀರು ಬಚ್ಚಲಿನಿಂದ ಬರುತ್ತಿದೆ ಎಂದು ಅನುಮಾನಿಸಬೇಕು. ಫೋನಿನಲ್ಲಿ ವಾದಿಸದೆ ‘ಇದನ್ನೇ ಇಮೇಲ್‌ನಲ್ಲಿ ಬರೆದು ಕಳಿಸಿ’ ಎಂದು ಕೇಳಿದೆವು. ಅವರು ಬರೆಯಲಿಲ್ಲ, ಬದಲಿಗೆ ಪರೀಕ್ಷೆಯ ದಿನ ತಿಳಿಸಿದರು.

ಜುಲೈ 12ರ ಬೆಳಿಗ್ಗೆ ಬಚ್ಚಲಿನ ಜಾಲರಿ ಮುಚ್ಚಿ, ಬಾಗಿಲ ಬಳಿ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಒಂದಂಗುಲದಷ್ಟು ನೀರು ನಿಲ್ಲಿಸಿದರು. ತಮ್ಮ ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ಗಂಟೆ ಬರೆದು ಚಿತ್ರ ತೆಗೆದ. ಜುಲೈ 14ರ ಬೆಳಿಗ್ಗೆ ನೀರು ಗೆರೆಗಿಂತ ಎದ್ದು ಕಾಣುವಷ್ಟು ಇಳಿದಿತ್ತು. ಇನ್ನೂ ಯಾರೂ ವಾಸಕ್ಕೆ ಬಂದಿರದ 10ನೇ ಮಹಡಿಯ ಫ್ಲಾಟಿಗೆ ಸೈಟ್ ಎಂಜಿನಿಯರ್ ಜೊತೆ ಹೋಗಿ ನೋಡಿದಾಗ, ಚಾವಣಿಯಲ್ಲಿ ಜಾಲರಿಯ ಪೈಪ್ ಇಳಿಯುವ ಜಾಗದ ಸುತ್ತ ತಟ್ಟೆಯಗಲದ ಒದ್ದೆ ಕಲೆ. ಪೈಪು ಮತ್ತು ಕಾಂಕ್ರೀಟ್ ಸೇರುವ ಸಂದಿನಲ್ಲಿ ಜಲನಿರೋಧಕ ಲೇಪ ಸರಿಯಾಗಿ ಹಿಡಿದಿರಲಿಲ್ಲ. ಅಲ್ಲಿಂದ ನುಸುಳಿದ ನೀರು ಟೈಲ್ಸ್ ಕೆಳಗಿನ ಭರ್ತಿಯಲ್ಲಿ ಹರಡಿ ಒಂದು ಕಡೆ ಕೆಳಗಿಳಿಯುತ್ತಿತ್ತು, ಇನ್ನೊಂದು ಕಡೆ ಬೆಡ್‌ರೂಮಿನ ಗೋಡೆ ಏರುತ್ತಿತ್ತು. ಎಷ್ಟು ಸಲ ಬಣ್ಣ ಹೊಡೆದರೂ ಅದು ನಿಲ್ಲುವಂಥದ್ದಲ್ಲ.

ಆಮೇಲೆ ಬಿಲ್ಡರ್ ಕಡೆಯವರು ಚೆನ್ನಾಗಿಯೇ ಕೆಲಸ ಮಾಡಿದರು ಎಂಬುದನ್ನೂ ಹೇಳಬೇಕು. ನೆಲದ ಟೈಲ್ಸ್ ಎಬ್ಬಿಸಿ, ಭರ್ತಿ ತೆಗೆದು, ಸಂದು ತುಂಬಿ, ಜಲನಿರೋಧಕ ಲೇಪವನ್ನು ನೆಲಕ್ಕೂ ಗೋಡೆಯ ಕೆಳಭಾಗಕ್ಕೂ ಹೊಸದಾಗಿ ಕೊಟ್ಟರು. ಜುಲೈ 21ರ ಗಡುವು ತಪ್ಪಿತು. ಅವರೇ ಮುಂಚಿತವಾಗಿ ಇಮೇಲ್ ಮಾಡಿ ಜುಲೈ 30ರವರೆಗೆ ಕೇಳಿದರು, ನಾವು ಒಪ್ಪಿದೆವು. ಟೈಲ್ಸ್ ಹಾಕುವ ಮುನ್ನ, ಜುಲೈ 26ರಿಂದ 28ರವರೆಗೆ ಮತ್ತೆ ನೀರು ನಿಲ್ಲಿಸಿದರು. ಕೆಳಗಿನ ಚಾವಣಿ ಒಣಗಿಯೇ ಇತ್ತು. ಪರೀಕ್ಷೆ ಟೈಲ್ಸ್‌ಗೆ ಮುಂಚೆಯೇ ಆಗಬೇಕು. ಟೈಲ್ಸ್ ಹಾಕಿದ ಮೇಲೆ ಸೋರಿದರೆ ಮತ್ತೆ ಎಲ್ಲ ಒಡೆಯಬೇಕಾಗುತ್ತದೆ.

ಸಹಿ ಹಾಕುವ ಮುನ್ನ

ಆಗಸ್ಟ್ 2ರ ಮರುಪರಿಶೀಲನೆಗೆ ತಮ್ಮ ಅದೇ ಪಟ್ಟಿ ಹಿಡಿದು ಹೋದ. 41ರಲ್ಲಿ 34 ಮುಗಿದಿತ್ತು. ಉಳಿದ ಏಳರಲ್ಲಿ ಆರು ಕೈಕೆಲಸದವು. ಒಂದು ಮಾತ್ರ ನೀರಿನದು: ಚಿಕ್ಕ ಬೆಡ್‌ರೂಮಿನ ಜಾರುಕಿಟಕಿ. ಇಂಥ ಕಿಟಕಿಯ ಕೆಳಗಿನ ಹಳಿಯಲ್ಲಿ ಮಳೆನೀರು ಹೊರಹೋಗಲು ಸಣ್ಣ ರಂಧ್ರಗಳಿರುತ್ತವೆ. ಅವು ಸಿಮೆಂಟಿನಿಂದ ಮುಚ್ಚಿಹೋಗಿದ್ದವು. ಬಿಡಿಸಿದ್ದೇವೆ ಎಂದರೂ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟಾಗ ಹಳಿ ತುಂಬಿ ಒಳಗೇ ಹರಿಯಿತು.

ಈ ಏಳಕ್ಕಾಗಿ ಆಗಸ್ಟ್ 9ರ ಗಡುವು ದಾಟುವುದು ನಮಗೆ ಬೇಕಿರಲಿಲ್ಲ. ಆದರೆ ಅವರ ಸ್ವಾಧೀನ ಪತ್ರದ ನಮೂನೆಯಲ್ಲಿ ‘ಫ್ಲಾಟನ್ನು ಪೂರ್ತಿ ಪರಿಶೀಲಿಸಿ ತೃಪ್ತಿ ಹೊಂದಿದ್ದೇವೆ, ಯಾವ ದೋಷವೂ ಇಲ್ಲ, ಮುಂದೆ ಯಾವ ಬೇಡಿಕೆಯೂ ಇರುವುದಿಲ್ಲ’ ಎಂಬ ಸಾಲಿತ್ತು. ಅದನ್ನು ಹಾಗೇ ಒಪ್ಪಿ ಸಹಿ ಹಾಕಿದರೆ ಏಳು ವಾರದ ಕೆಲಸಕ್ಕೆ ನಾವೇ ಮಸಿ ಬಳಿದಂತೆ. ಆ ಸಾಲಿನ ಕೊನೆಗೆ ‘ಅನುಬಂಧದಲ್ಲಿರುವ 7 ಅಂಶಗಳನ್ನು ಹೊರತುಪಡಿಸಿ, ಮತ್ತು ರೇರಾ ಕಾಯ್ದೆಯ ಸೆಕ್ಷನ್ 14(3)ರ ಹಕ್ಕುಗಳಿಗೆ ಒಳಪಟ್ಟು’ ಎಂದು ಸೇರಿಸಲು ಇಮೇಲ್‌ನಲ್ಲಿ ಮೊದಲೇ ಕೇಳಿದೆವು. ಎರಡು ಸುತ್ತಿನ ಮಾತುಕತೆಯ ಮೇಲೆ ಒಪ್ಪಿದರು. ಏಳು ಅಂಶ, ಅವುಗಳ ಗಡುವು ಸೆಪ್ಟೆಂಬರ್ 6 ಎಂದು ಬರೆದ ಒಂದು ಹಾಳೆ ಸ್ವಾಧೀನ ಪತ್ರಕ್ಕೆ ಸೇರಿತು. ಎರಡೂ ಕಡೆಯವರು ಅದಕ್ಕೂ ಸಹಿ ಹಾಕಿದರು. ಅಂದೇ ಕೊನೆಯ ಕಂತು ಕಟ್ಟಿದೆವು.

ಸಹಿ ಹಾಕಿದ್ದು ತಮ್ಮ. ಅವನ ಹೆಸರಿಗೆ ವಿಶೇಷ ಅಧಿಕಾರ ಪತ್ರವನ್ನು ದೋಹಾದ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಮೇ ತಿಂಗಳಲ್ಲೇ ಕಳಿಸಿದ್ದೆವು. ‘ಫ್ಲಾಟಿನ ವ್ಯವಹಾರ’ ಎಂದು ಮೊಗಮ್ಮಾಗಿ ಬರೆಯದೆ, ಪರಿಶೀಲಿಸಲು, ದೋಷ ದಾಖಲಿಸಲು, ಷರತ್ತಿನೊಂದಿಗೆ ಸ್ವಾಧೀನ ಪಡೆಯಲು ಎಂದು ಬಿಡಿಬಿಡಿಯಾಗಿ ಬರೆಸಿದ್ದೆವು. ಹೊರದೇಶದಲ್ಲಿ ಸಹಿಯಾದ ಇಂಥ ಪತ್ರ ಊರಿಗೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಪತ್ರ ಬಂತೆಂದು ಬೀರುವಿನಲ್ಲಿಟ್ಟು ಮರೆಯುವಂತಿಲ್ಲ.

ಕೀಲಿ ಬಂದ ಮೇಲೆ

ಸೆಪ್ಟೆಂಬರ್ 6ರ ಹೊತ್ತಿಗೆ ಏಳರಲ್ಲಿ ಐದು ಮುಗಿದವು. ಕಿಟಕಿಯ ಹಳಿ ಮತ್ತು ಬಣ್ಣ ಹೊಂದದ ಎರಡು ಟೈಲ್ಸ್ ಉಳಿದಿದ್ದವು. ಸೆಪ್ಟೆಂಬರ್ 8ಕ್ಕೆ ಅದೇ ಇಮೇಲ್ ಸರಣಿಯಲ್ಲಿ, 30 ದಿನ ಮುಗಿದಿರುವುದನ್ನು ನೆನಪಿಸಿ ಮೂರು ಸಾಲು ಬರೆದೆವು. ಸೆಪ್ಟೆಂಬರ್ 20ಕ್ಕೆ ಅವೂ ಮುಗಿದವು. ಆಗಿರದಿದ್ದರೆ ಮುಂದಿನ ಹೆಜ್ಜೆ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ದೂರು. ಅದನ್ನು ಹೊರದೇಶದಿಂದಲೂ ಆನ್‌ಲೈನ್‌ನಲ್ಲಿ ಸಲ್ಲಿಸಬಹುದು. ದೂರಿಗೆ ಬೇಕಾದ ದಾಖಲೆ ನಮ್ಮಲ್ಲಿ ಸಿದ್ಧವೇ ಇತ್ತು: ಜೂನ್ 30ರ ಪಟ್ಟಿ, ಚಿತ್ರಗಳು, ಪ್ರತಿ ಉತ್ತರ, ಸಹಿಯಾದ ಅನುಬಂಧ.

ಈ ಪರಿಶೀಲನೆಗೆ ಮಿತಿಯೂ ಇದೆ. ಗೋಡೆಯೊಳಗಿನ ವೈರು, ನೆಲದಡಿಯ ಪೈಪು, ಕಾಂಕ್ರೀಟಿನೊಳಗಿನ ಕಬ್ಬಿಣ ಯಾವುದೂ ಒಂದು ಶನಿವಾರದ ತಟ್ಟುವಿಕೆಗೆ ಸಿಕ್ಕುವುದಿಲ್ಲ. ಲಿಫ್ಟು, ನೀರಿನ ಟ್ಯಾಂಕು, ಬೆಂಕಿ ನಂದಿಸುವ ವ್ಯವಸ್ಥೆಗಳು ನಮ್ಮೊಬ್ಬರವಲ್ಲ. ಅವುಗಳ ಪಟ್ಟಿಯನ್ನು ನಿವಾಸಿಗಳ ಸಂಘ ಬೇರೆಯಾಗಿ ಮಾಡಬೇಕು. ಅದಕ್ಕೇ ಐದು ವರ್ಷದ ಅವಧಿ ಇರುವುದು. ಚಿಕ್ಕ ಬೆಡ್‌ರೂಮಿನ ಕಿಟಕಿಯ ಮೂಲೆಯಿಂದ ಓರೆಯಾಗಿ ಎದ್ದ ಕೂದಲೆಳೆಯಷ್ಟು ಬಿರುಕೊಂದಿತ್ತು. ಬಣ್ಣ ಹೊಡೆದ ಮೇಲೆ ಅದು ಮತ್ತೆ ತೋರಿತು. ಅದರ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ದಿನಾಂಕ ಬರೆದಿಟ್ಟಿದ್ದೇವೆ. ಅಪ್ಪ ತಿಂಗಳಿಗೊಮ್ಮೆ ಕನ್ನಡಕ ಹಾಕಿಕೊಂಡು ಅದನ್ನು ನೋಡುತ್ತಾರೆ. ಬಿರುಕು ಗೆರೆ ದಾಟಿದರೆ ಚಿತ್ರ ತೆಗೆದು ಕಳಿಸಬೇಕು, ಅದೇ ಇಮೇಲ್ ಸರಣಿಗೆ 42ನೆಯ ಸಂಖ್ಯೆ ಸೇರುತ್ತದೆ. ಈವರೆಗೆ ದಾಟಿಲ್ಲ.